ಆಪಾಳ ತಾಯಿ ಕಾರ್ಡಿನಲ್ಲಿದ್ದ ಮೈನಸ್ ಗುರುತು

ನಮ್ಮ ಮನೆ ಇರುವುದು ಅಮರಗೋಳದಲ್ಲಿ. ಅಬ್ಬಾ ಇಲ್ಲಿಯ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಮೈನಸ್ ಗುರುತು ಕಂಡರೆ ನನಗೆ ಮೊದಲು ನೆನಪಾಗುವುದು ನಷ್ಟ. ಹಾಗಾಗಿ ಕಳೆದ ವರ್ಷ ನನ್ನ ಆಪಾಳ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪಿನ ಮುಂದೆ ‘ಬಿ ನೆಗೆಟಿವ್’ ಎಂದು ಕೆಂಪು ಪೆನ್ನಿನಲ್ಲಿ ಬರೆದು ಸುತ್ತ ಗೆರೆ ಎಳೆದಿದ್ದನ್ನು ನೋಡಿ, ಆಪಾಳಿಗೆ ರಕ್ತ ಕಡಿಮೆ ಇದೆ ಎಂದೇ ತಿಳಿದುಕೊಂಡೆ. ದಾದಿ ಅಂತೂ ಅದೇ ದಿನದಿಂದ ಆಪಾಳಿಗೆ ಖರ್ಜೂರ ತಿನ್ನಿಸಲು ಶುರು ಮಾಡಿದರು.

ನಾವಿಬ್ಬರೂ ತಪ್ಪು ತಿಳಿದಿದ್ದೆವು. ನೆಗೆಟಿವ್ ಎಂದರೆ ರಕ್ತದ ಕೊರತೆಯಲ್ಲ, ರೋಗವೂ ಅಲ್ಲ. ಆದರೆ ಗರ್ಭಿಣಿಯ ವಿಷಯದಲ್ಲಿ ಆ ಸಣ್ಣ ಗೆರೆಯನ್ನು ಅಲಕ್ಷ್ಯ ಮಾಡಿದರೆ ನಿಜವಾಗಿಯೂ ನಷ್ಟವಾಗಬಹುದು. ನಮ್ಮ ಮನೆಯಲ್ಲಿ ಅದು ಒಮ್ಮೆ ಆಗಿದೆ, ಇನ್ನೊಮ್ಮೆ ಸ್ವಲ್ಪದರಲ್ಲೇ ತಪ್ಪಿದೆ. ಆಪಾಳ ಜೊತೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಹೇಳಿದ್ದನ್ನೂ, ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಬಿಡಿಸಿ ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೈನಸ್ ಅಂದರೆ ಏನು?

ನಮ್ಮ ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಬೇರೆ ಬೇರೆ ಗುರುತುಗಳಿರುತ್ತವೆ. ಎ, ಬಿ, ಓ ಗುಂಪುಗಳನ್ನು ತೀರ್ಮಾನಿಸುವುದು ಒಂದು ಬಗೆಯ ಗುರುತು. ‘ಡಿ’ ಎಂಬುದು ಇನ್ನೊಂದು. ಡಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅಷ್ಟೇ. 1940ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ಎಂಬ ವಿಜ್ಞಾನಿಗಳು ರೀಸಸ್ ಜಾತಿಯ ಕೋತಿಯ ರಕ್ತ ಬಳಸಿ ಮಾಡಿದ ಪ್ರಯೋಗದಿಂದ ಇದಕ್ಕೆ ‘ಆರ್‌ಎಚ್’ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ ನೂರು ಜನರಲ್ಲಿ ಸುಮಾರು ಐದು ಜನ ನೆಗೆಟಿವ್. ನಮ್ಮ ಎರಡು ಕ್ಲಾಸ್‌ರೂಮಿನಷ್ಟು ಜನರನ್ನು ಸೇರಿಸಿದರೆ ಐದಾರು ಮಂದಿ ಸಿಗಬಹುದು.

ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಇದು: ಅಮ್ಮಿ ಪಾಸಿಟಿವ್, ಅಬ್ಬಾ ಪಾಸಿಟಿವ್, ನಾನೂ ಪಾಸಿಟಿವ್. ಹಾಗಾದರೆ ಆಪಾ ಮಾತ್ರ ಹೇಗೆ ನೆಗೆಟಿವ್? ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದರು. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಜೀನ್ ಬರುತ್ತವೆ. ಎರಡರಲ್ಲಿ ಒಂದಾದರೂ ಡಿ ಇದ್ದರೆ ಆ ವ್ಯಕ್ತಿ ಪಾಸಿಟಿವ್. ಅಮ್ಮಿ ಮತ್ತು ಅಬ್ಬಾ ಇಬ್ಬರಲ್ಲೂ ಒಂದು ಡಿ ಇದೆ, ಒಂದು ಖಾಲಿ ಇದೆ. ಆಪಾಳಿಗೆ ಇಬ್ಬರಿಂದಲೂ ಖಾಲಿಯೇ ಬಂತು. ಅಂಥ ತಂದೆತಾಯಿಗೆ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಾಧ್ಯತೆ ಇರುತ್ತದೆ.

ಆಪಾಳ ಗಂಡ, ನಮ್ಮ ದೂಲ್ಹಾಭಾಯಿ, ಪಾಸಿಟಿವ್. ಆದ್ದರಿಂದ ಮಗು ಪಾಸಿಟಿವ್ ಆಗಿ ಹುಟ್ಟುವ ಸಾಧ್ಯತೆ ಇತ್ತು. ಅವರೂ ನೆಗೆಟಿವ್ ಆಗಿದ್ದರೆ ಮಗು ನೆಗೆಟಿವ್ ಆಗಿಯೇ ಇರುತ್ತಿತ್ತು, ಈ ಲೇಖನ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ತೊಂದರೆ ಎಲ್ಲಿ ಶುರುವಾಗುತ್ತದೆ?

ಹೊಟ್ಟೆಯಲ್ಲಿರುವ ಮಗುವಿನ ರಕ್ತ ಮತ್ತು ತಾಯಿಯ ರಕ್ತ ಒಂದರೊಳಗೊಂದು ಹರಿಯುವುದಿಲ್ಲ. ನಡುವೆ ಮಾಸು ಇರುತ್ತದೆ. ಆಹಾರ, ಆಮ್ಲಜನಕ ಅದನ್ನು ದಾಟಿ ಮಗುವಿಗೆ ಹೋಗುತ್ತವೆ. ಆದರೆ ಹೆರಿಗೆಯ ಹೊತ್ತಿನಲ್ಲಿ ಮಾಸು ಬಿಡಿಸಿಕೊಳ್ಳುವಾಗ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ಗರ್ಭಪಾತವಾದಾಗ, ಹೊಟ್ಟೆಗೆ ಪೆಟ್ಟು ಬಿದ್ದಾಗ, ಗರ್ಭಿಣಿಗೆ ರಕ್ತಸ್ರಾವವಾದಾಗಲೂ ಹೀಗಾಗಬಹುದು. ಕೊನೆಯ ಮೂರು ತಿಂಗಳಲ್ಲಿ ಕೆಲವರಿಗೆ ಯಾವ ಕಾರಣವೂ ಕಾಣದೆ ಆಗುತ್ತದೆ.

ಮಗು ಪಾಸಿಟಿವ್ ಆಗಿದ್ದರೆ, ತಾಯಿಯ ದೇಹ ಡಿ ಗುರುತನ್ನು ಮೊದಲ ಸಲ ನೋಡುತ್ತದೆ. ಅದು ಮಗುವಿನದ್ದು ಎಂದು ಆ ದೇಹಕ್ಕೆ ತಿಳಿಯದು. ಹೊರಗಿನಿಂದ ಬಂದ ರೋಗಾಣು ಎಂದೇ ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲ ಸಲ ಈ ಕೆಲಸ ನಿಧಾನ, ವಾರಗಳೇ ಹಿಡಿಯುತ್ತವೆ. ಮೊದಲು ತಯಾರಾಗುವ ಪ್ರತಿಕಾಯಗಳು ದೊಡ್ಡವು, ಮಾಸನ್ನು ದಾಟಲಾರವು. ಅಷ್ಟರಲ್ಲಿ ಮಗು ಹುಟ್ಟಿ ತೊಟ್ಟಿಲಿನಲ್ಲಿರುತ್ತದೆ. ಅದಕ್ಕೇ ಮೊದಲನೆಯ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎಲ್ಲರೂ ‘ನೆಗೆಟಿವ್ ಅಂತ ಹೆದರಿಸಿದರು, ನೋಡಿ, ಏನೂ ಆಗಲಿಲ್ಲ’ ಎಂದುಕೊಳ್ಳುತ್ತಾರೆ.

ಆದರೆ ದೇಹ ಮರೆಯುವುದಿಲ್ಲ. ಅಬ್ಬಾನ ಖಾತೆ ಪುಸ್ತಕದಲ್ಲಿ ಒಮ್ಮೆ ಶಾಯಿಯಲ್ಲಿ ಬರೆದ ಹೆಸರಿನಂತೆ, ಡಿ ಎಂಬ ಹೆಸರು ಅಲ್ಲಿ ಉಳಿಯುತ್ತದೆ. ಮುಂದಿನ ಬಸಿರಿನಲ್ಲಿ ಮತ್ತೆ ಪಾಸಿಟಿವ್ ಮಗು ಬಂದರೆ ಈ ಸಲ ಪ್ರತಿಕಾಯಗಳು ಬೇಗ, ಹೆಚ್ಚು ಪ್ರಮಾಣದಲ್ಲಿ ತಯಾರಾಗುತ್ತವೆ. ಇವು ಚಿಕ್ಕವು, ಮಾಸನ್ನು ದಾಟುತ್ತವೆ. ಮಗುವಿನ ರಕ್ತಕಣಗಳಿಗೆ ಅಂಟಿಕೊಂಡು ಅವು ಒಡೆಯುವಂತೆ ಮಾಡುತ್ತವೆ. ಮಗುವಿಗೆ ರಕ್ತಹೀನತೆ ಆಗುತ್ತದೆ. ಅದು ತೀವ್ರವಾದರೆ ಹೃದಯ ಸೋತು, ಮೈಯೆಲ್ಲ ನೀರು ತುಂಬಿ ಊದಿ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳಬಹುದು. ಬದುಕಿ ಹುಟ್ಟಿದರೆ ಇನ್ನೊಂದು ಅಪಾಯ ಇದೆ. ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಹೊಟ್ಟೆಯಲ್ಲಿದ್ದಾಗ ಅದನ್ನು ತಾಯಿಯ ದೇಹ ಹೊರಹಾಕುತ್ತಿತ್ತು. ಹುಟ್ಟಿದ ಮೇಲೆ ಆ ಕೆಲಸ ಮಗುವಿನ ಎಳೆ ಲಿವರ್‌ನ ಮೇಲೆ ಬೀಳುತ್ತದೆ, ಅದಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. ಹುಟ್ಟಿದ 24 ಗಂಟೆಯೊಳಗೇ ಕಾಮಾಲೆ ಕಾಣಿಸಿಕೊಂಡು, ಮಿತಿ ಮೀರಿದರೆ ಮೆದುಳಿಗೆ ಹಾನಿಯಾಗುತ್ತದೆ.

ಖಾಲಾ ಕಳೆದುಕೊಂಡ ಮಕ್ಕಳು

ಇದನ್ನು ಮೇಡಂ ಹೇಳುತ್ತಿದ್ದಾಗ ನನಗೆ ಅಮ್ಮಿಯ ಅಕ್ಕ, ನಮ್ಮ ದೊಡ್ಡ ಖಾಲಾ ನೆನಪಾದರು. ಅವರ ಮೊದಲ ಮಗ ಈಗ ದೊಡ್ಡವನು, ಗಟ್ಟಿಮುಟ್ಟಾಗಿದ್ದಾನೆ. ಎರಡನೆಯ ಮಗು ಹುಟ್ಟಿದ ಮರುದಿನವೇ ಹಳದಿಯಾಗಿ ನಾಲ್ಕನೆಯ ದಿನ ತೀರಿಕೊಂಡಿತು. ಮೂರನೆಯದು ಊದಿಕೊಂಡ ಮೈಯಲ್ಲಿ ಸತ್ತೇ ಹುಟ್ಟಿತು. ‘ನಜರ್ ಬಿದ್ದಿದೆ’ ಎಂದರು ಕೆಲವರು. ‘ಇವಳ ಹೊಟ್ಟೆಯಲ್ಲೇ ದೋಷ’ ಎಂದರು ಗಂಡನ ಮನೆಯವರು. ಮೂವತ್ತು ವರ್ಷ ಅವರು ಆ ಮಾತನ್ನು ಹೊತ್ತುಕೊಂಡಿದ್ದಾರೆ. ಎರಡು ವರ್ಷದ ಹಿಂದೆ ಆಪರೇಶನ್‌ಗೆಂದು ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಅವರು ಓ ನೆಗೆಟಿವ್.

ಆ ಎರಡು ಮಕ್ಕಳ ಕಾರಣ ಇದೇ ಎಂದು ಈಗ ಪರೀಕ್ಷೆ ಮಾಡಿ ಹೇಳಲು ಆಗುವುದಿಲ್ಲ. ಆದರೆ ಮೊದಲ ಮಗು ಆರೋಗ್ಯ, ಎರಡನೆಯದಕ್ಕೆ ಬೇಗ ಬಂದ ಕಾಮಾಲೆ, ಮೂರನೆಯದು ಊದಿ ಸತ್ತದ್ದು, ಹೀಗೆ ಸಲದಿಂದ ಸಲಕ್ಕೆ ಹೆಚ್ಚಾಗುತ್ತ ಹೋಗುವುದು ಈ ತೊಂದರೆಯ ಗುರುತೇ ಎಂದು ಡಾಕ್ಟರ್ ಹೇಳಿದರು. ನಜರ್ ಬಿದ್ದರೆ ಇಂಥ ಕ್ರಮ ಇರುವುದಿಲ್ಲ.

ಇಂಜೆಕ್ಷನ್ ಏನು ಮಾಡುತ್ತದೆ?

ಆಂಟಿ-ಡಿ ಇಂಜೆಕ್ಷನ್‌ನಲ್ಲಿ ಇರುವುದು ಡಿ ವಿರುದ್ಧದ ಪ್ರತಿಕಾಯಗಳೇ. ಇದು ನನಗೆ ಬಹಳ ವಿಚಿತ್ರ ಅನ್ನಿಸಿತು. ಯಾವುದು ತಾಯಿಯ ದೇಹದಲ್ಲಿ ಹುಟ್ಟಬಾರದು ಎನ್ನುತ್ತೇವೋ ಅದನ್ನೇ ಹೊರಗಿನಿಂದ ಚುಚ್ಚುತ್ತಾರಲ್ಲ?

ವ್ಯತ್ಯಾಸ ಇಲ್ಲಿದೆ. ಚುಚ್ಚಿದ ಪ್ರತಿಕಾಯಗಳು ತಾಯಿಯ ರಕ್ತಕ್ಕೆ ಸೇರಿದ ಮಗುವಿನ ಕಣಗಳಿಗೆ ಅಂಟಿಕೊಂಡು, ತಾಯಿಯ ದೇಹ ಅವನ್ನು ಗಮನಿಸಿ ನೆನಪಿಟ್ಟುಕೊಳ್ಳುವ ಮೊದಲೇ ಅವು ನಾಶವಾಗುವಂತೆ ಮಾಡುತ್ತವೆ. ಖಾತೆಯಲ್ಲಿ ಹೆಸರು ಬರೆಯುವ ಮೊದಲೇ ಸಾಲ ತೀರಿಸಿದ ಹಾಗೆ. ಚುಚ್ಚಿದ ಪ್ರತಿಕಾಯಗಳು ಸುಮಾರು 12 ವಾರಗಳಲ್ಲಿ ಕರಗಿಹೋಗುತ್ತವೆ. ತಾಯಿಯ ದೇಹ ತಾನಾಗಿ ಅವನ್ನು ತಯಾರಿಸುವುದನ್ನು ಕಲಿಯುವುದಿಲ್ಲ. ಸ್ವಲ್ಪ ಭಾಗ ಮಾಸು ದಾಟಿದರೂ ಪ್ರಮಾಣ ಬಹಳ ಕಡಿಮೆ ಇರುವುದರಿಂದ ಮಗುವಿಗೆ ಹಾನಿಯಾಗುವುದಿಲ್ಲ.

ಇದರಿಂದಲೇ ಇದರ ಮಿತಿಯೂ ತಿಳಿಯುತ್ತದೆ. ತಾಯಿಯ ದೇಹ ಒಮ್ಮೆ ಕಲಿತುಬಿಟ್ಟ ಮೇಲೆ ಈ ಇಂಜೆಕ್ಷನ್ ಕೊಟ್ಟು ಪ್ರಯೋಜನವಿಲ್ಲ. ಬರೆದ ಹೆಸರನ್ನು ಅದು ಅಳಿಸಲಾರದು. ಬರೆಯದಂತೆ ತಡೆಯಬಲ್ಲದು, ಅಷ್ಟೇ. ಹಾಗಾಗಿ ಇಲ್ಲಿ ಎಲ್ಲವೂ ಸಮಯದ ಮೇಲೆ ನಿಂತಿದೆ.

ಲೆಕ್ಕದಲ್ಲಿ ಹೇಳುವುದಾದರೆ, ಇಂಜೆಕ್ಷನ್ ಇಲ್ಲದ ಕಾಲದಲ್ಲಿ ಪಾಸಿಟಿವ್ ಮಗು ಹೆತ್ತ ನೆಗೆಟಿವ್ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಪ್ರತಿಕಾಯ ಹುಟ್ಟುತ್ತಿತ್ತು. ಹೆರಿಗೆಯ ನಂತರ ಇಂಜೆಕ್ಷನ್ ಕೊಡಲು ಶುರುವಾದ ಮೇಲೆ ಇದು 2ಕ್ಕೆ ಇಳಿಯಿತು. ಬಸಿರಿನ 28ನೆಯ ವಾರದಲ್ಲೂ ಒಂದು ಕೊಟ್ಟರೆ ಒಂದಕ್ಕಿಂತ ಬಹಳ ಕಡಿಮೆಯಾಗುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಅಮೆರಿಕದ ನ್ಯೂಯಾರ್ಕಿನಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು, 1968ರಲ್ಲಿ ಔಷಧವಾಗಿ ಬಳಕೆಗೆ ಬಂತು.

‘ಇದನ್ನು ಯಾವುದರಿಂದ ಮಾಡುತ್ತಾರೆ?’ ಎಂದು ದಾದಿ ಕೇಳಿದರು. ಮನುಷ್ಯರ ಪ್ಲಾಸ್ಮಾದಿಂದ, ಅಂದರೆ ರಕ್ತದ ತಿಳಿ ಭಾಗದಿಂದ. ಡಿ ವಿರುದ್ಧ ಪ್ರತಿಕಾಯ ಇರುವ ದಾನಿಗಳು ಕೊಟ್ಟ ಪ್ಲಾಸ್ಮಾ ಅದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರ ರಕ್ತದಲ್ಲಿ ಅದು ಹೇರಳವಾಗಿತ್ತು. ಅವರು 2018ರವರೆಗೆ, ತಮ್ಮ 81ನೆಯ ವಯಸ್ಸಿನವರೆಗೆ, 1,173 ಸಲ ದಾನ ಮಾಡಿ 2025ರಲ್ಲಿ ತೀರಿಕೊಂಡರು. ಈಗ ಲ್ಯಾಬಿನಲ್ಲಿ ಜೀವಕೋಶ ಬೆಳೆಸಿ ತಯಾರಿಸಿದ ಆಂಟಿ-ಡಿ ಕೂಡ ನಮ್ಮ ದೇಶದಲ್ಲಿ ಸಿಗುತ್ತದೆ. ಇದನ್ನು ಕೇಳಿ ದಾದಿ ಬಹಳ ಹೊತ್ತು ಸುಮ್ಮನಿದ್ದು, ‘ಆ ಮನುಷ್ಯನಿಗೆ ದುವಾ ಮಾಡಬೇಕು’ ಎಂದರು.

ಆಪಾಳ ವಿಷಯದಲ್ಲಿ ನಡೆದದ್ದು

ಆಪಾಳಿಗೆ ಇದು ಮೊದಲ ಬಸಿರಲ್ಲ. ಎರಡು ವರ್ಷದ ಹಿಂದೆ 14 ವಾರಕ್ಕೆ ಗರ್ಭಪಾತವಾಗಿತ್ತು. ಒಂದು ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ ಕ್ಲೀನ್ ಮಾಡಿ ಮನೆಗೆ ಕಳಿಸಿದ್ದರು. ರಕ್ತದ ಗುಂಪಿನ ರಿಪೋರ್ಟ್ ಫೈಲಿನಲ್ಲಿತ್ತು, ಆದರೆ ಯಾರೂ ಅದನ್ನು ನೋಡಿ ಆಂಟಿ-ಡಿ ಬಗ್ಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ. ‘ಮಗುವೇ ಹೋಯಿತು, ಇನ್ನು ಇಂಜೆಕ್ಷನ್ ಯಾಕೆ’ ಎಂದುಕೊಳ್ಳುವ ಮನೆ ನಮ್ಮದು.

ಈ ಸಲ ಆಶಾ ಕಾರ್ಯಕರ್ತೆ ಅಕ್ಕಾವರು ತಾಯಿ ಕಾರ್ಡ್ ನೋಡಿದ ಕೂಡಲೇ ಕೇಳಿದರು: “ಹಿಂದ ಏನರ ಗರ್ಭಪಾತ ಆಗಿತ್ತೇನ್ರೀ? ಆವಾಗ ಇಂಜೆಕ್ಷನ್ ಮಾಡಿದ್ರೇನು?” ಆಪಾ ಇಲ್ಲ ಎಂದಳು. ಅಕ್ಕಾವರ ಮುಖ ಸಣ್ಣದಾಯಿತು. “ತಡಾ ಮಾಡಬ್ಯಾಡ್ರಿ, ನಾಳೆನ ಡಾಕ್ಟರ್‌ಗೆ ತೋರಿಸ್ರಿ” ಎಂದರು.

ಡಾಕ್ಟರ್ ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್ ಬರೆದುಕೊಟ್ಟರು. ಚೀಟಿಯ ಮೇಲೆ ಇದನ್ನು ಐಸಿಟಿ ಎಂದು ಬರೆಯುತ್ತಾರೆ. ತಾಯಿಯ ರಕ್ತದಲ್ಲಿ ಇಂಥ ಪ್ರತಿಕಾಯ ಆಗಲೇ ಇದೆಯೇ ಎಂದು ನೋಡುವ ಪರೀಕ್ಷೆ ಇದು. ಇದ್ದರೆ ದಾರಿ ಬೇರೆ: ಆಂಟಿ-ಡಿ ಕೊಡುವುದಿಲ್ಲ. ಪ್ರತಿಕಾಯದ ಪ್ರಮಾಣ ಅಳೆಯುತ್ತ, ಅದು ಏರಿದರೆ ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಹರಿಯುವ ವೇಗವನ್ನು ಡಾಪ್ಲರ್ ಸ್ಕ್ಯಾನಿನಲ್ಲಿ ನೋಡುತ್ತಾರೆ. ರಕ್ತಹೀನತೆ ಆದಷ್ಟೂ ಆ ವೇಗ ಹೆಚ್ಚುತ್ತದೆ. ತೀರ ಅಗತ್ಯ ಬಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗಿನ ಮಗುವಿಗೇ ರಕ್ತ ಕೊಡಬೇಕಾಗುತ್ತದೆ.

ರಿಪೋರ್ಟ್ ಬರುವವರೆಗೆ ಎರಡು ದಿನ ಮನೆಯಲ್ಲಿ ಯಾರೂ ಖಾಲಾನ ಹೆಸರು ಎತ್ತಲಿಲ್ಲ. ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಅವರೇ. ರಿಪೋರ್ಟ್ ನೆಗೆಟಿವ್ ಬಂತು. ಇಲ್ಲಿ ನೆಗೆಟಿವ್ ಎಂಬುದು ಒಳ್ಳೆಯ ಸುದ್ದಿ. ಗರ್ಭಪಾತದಲ್ಲಿ ರಕ್ತ ಬೆರೆತಿರಲಿಲ್ಲವೋ, ಬೆರೆತರೂ ದೇಹ ಗಮನಿಸಲಿಲ್ಲವೋ, ಅಂತೂ ಆಪಾ ಪಾರಾಗಿದ್ದಳು. ಇದು ಅದೃಷ್ಟ, ನಮ್ಮ ಜಾಣತನವಲ್ಲ.

28ನೆಯ ವಾರದಲ್ಲಿ ಇನ್ನೊಮ್ಮೆ ಐಸಿಟಿಗೆ ರಕ್ತ ತೆಗೆದು, ಆಮೇಲೆ 300 ಮೈಕ್ರೋಗ್ರಾಂ ಆಂಟಿ-ಡಿಯನ್ನು ತೋಳಿನ ಸ್ನಾಯುವಿಗೆ ಕೊಟ್ಟರು. ಈ ಕ್ರಮ ಮುಖ್ಯ. ಮೊದಲು ಇಂಜೆಕ್ಷನ್ ಕೊಟ್ಟು ನಂತರ ರಕ್ತ ತೆಗೆದರೆ, ಚುಚ್ಚಿದ ಪ್ರತಿಕಾಯವೇ ಪರೀಕ್ಷೆಯಲ್ಲಿ ಕಾಣಿಸಿಕೊಂಡು ಸುಳ್ಳು ಗಾಬರಿ ಹುಟ್ಟಿಸುತ್ತದೆ. 28ನೆಯ ವಾರವೇ ಏಕೆ ಎಂಬುದಕ್ಕೂ ಲೆಕ್ಕವಿದೆ: ಅಲ್ಲಿಂದ 12 ವಾರ ಕೂಡಿಸಿದರೆ 40, ಅಂದರೆ ಹೆರಿಗೆಯ ದಿನ. ಆ ಇಂಜೆಕ್ಷನ್ ಹೆರಿಗೆಯವರೆಗಿನ ಕಾವಲು.

ಶನಿವಾರ ರಾತ್ರಿ 9 ಗಂಟೆಗೆ ಆಪಾಳಿಗೆ ಗಂಡು ಮಗು ಹುಟ್ಟಿತು. ಹೊಕ್ಕುಳಬಳ್ಳಿಯಿಂದ ರಕ್ತ ತೆಗೆದು ಮಗುವಿನ ಗುಂಪು ನೋಡಬೇಕು. ಮಗು ನೆಗೆಟಿವ್ ಆದರೆ ಮತ್ತೆ ಇಂಜೆಕ್ಷನ್ ಬೇಡ. ಪಾಸಿಟಿವ್ ಆದರೆ 72 ಗಂಟೆಯೊಳಗೆ ಎರಡನೆಯದು ಬೇಕು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಗಡುವು ಮಂಗಳವಾರ ರಾತ್ರಿ 9.

ಭಾನುವಾರ ಮನೆತುಂಬ ನೆಂಟರು, ಸಿಹಿ, ಸಂಭ್ರಮ. ರಿಪೋರ್ಟ್ ಬಗ್ಗೆ ಯಾರಿಗೂ ನೆನಪಿರಲಿಲ್ಲ. ಸೋಮವಾರ ಬೆಳಿಗ್ಗೆ ಡಿಸ್ಚಾರ್ಜ್ ಮಾತು ಬಂದಾಗ ನಾನು ನರ್ಸ್ ಅವರನ್ನು ಕೇಳಿದೆ: “ಸಿಸ್ಟರ್, ಪಾಪೂನ ರಕ್ತದ ಗುಂಪು ಯಾವುದು ಬಂತ್ರೀ?” ಅವರು ಫೈಲ್ ತಿರುವಿ ಲ್ಯಾಬಿಗೆ ಫೋನ್ ಮಾಡಿದರು. ಬಿ ಪಾಸಿಟಿವ್. ರಿಪೋರ್ಟ್ ಲ್ಯಾಬಿನಲ್ಲೇ ಉಳಿದಿತ್ತು. ಮಧ್ಯಾಹ್ನ 12ಕ್ಕೆ ಇಂಜೆಕ್ಷನ್ ಆಯಿತು, ಹೆರಿಗೆಯಾಗಿ 39 ಗಂಟೆಗೆ. ನಾವು ಕೇಳದೆ ಮನೆಗೆ ಬಂದಿದ್ದರೆ ಬಹುಶಃ ವಾರದ ನಂತರ ನೆನಪಾಗುತ್ತಿತ್ತು. 72 ಗಂಟೆ ಮೀರಿದರೂ ಬೇಡ ಎಂದು ಬಿಡಬಾರದು, 10 ದಿನದವರೆಗೂ ಸ್ವಲ್ಪ ರಕ್ಷಣೆ ಸಿಗಬಹುದು ಎಂದು ಡಾಕ್ಟರ್ ಹೇಳಿದರು. ಆದರೆ ತಡವಾದಷ್ಟೂ ಭರವಸೆ ಕಡಿಮೆ.

ಒಂದು ಇಂಜೆಕ್ಷನ್‌ನ 300 ಮೈಕ್ರೋಗ್ರಾಂ, ಮಗುವಿನ ಸುಮಾರು 30 ಮಿಲಿ ರಕ್ತಕ್ಕೆ ಸಾಕಾಗುತ್ತದೆ. ಸಾಮಾನ್ಯ ಹೆರಿಗೆಯಲ್ಲಿ ಇದಕ್ಕಿಂತ ಬಹಳ ಕಡಿಮೆ ಬೆರೆಯುತ್ತದೆ. ಹೊಟ್ಟೆಗೆ ಜೋರು ಪೆಟ್ಟು ಬಿದ್ದಿದ್ದರೆ ಅಥವಾ ಮಾಸನ್ನು ಕೈಯಿಂದ ತೆಗೆಯಬೇಕಾಗಿ ಬಂದಿದ್ದರೆ ಹೆಚ್ಚು ಬೆರೆತಿರಬಹುದು. ಆಗ ಎಷ್ಟು ಬೆರೆತಿದೆ ಎಂದು ಪರೀಕ್ಷಿಸಿ ಡೋಸ್ ಹೆಚ್ಚಿಸುತ್ತಾರೆ.

ನೆನಪಿಟ್ಟುಕೊಳ್ಳಬೇಕಾದ್ದು

ಇದು ಕೇವಲ ಈ ಹೆರಿಗೆಯ ಮಾತಲ್ಲ. ಆಪಾಳ ಈ ಮಗನಿಗೆ ಎರಡನೆಯ ಇಂಜೆಕ್ಷನ್‌ನಿಂದ ಯಾವ ಲಾಭವೂ ಇಲ್ಲ. ಅದು ಮುಂದೆ ಹುಟ್ಟುವ ತಮ್ಮನಿಗೋ ತಂಗಿಗೋ ಸೇರಿದ್ದು. ಮುಂದಿನ ಬಸಿರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಏಕೆಂದರೆ ಚುಚ್ಚಿದ್ದು ಆಗ ಕರಗಿಹೋಗಿರುತ್ತದೆ.

ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ ತಾಯಿ ಕಾರ್ಡ್ ತೆಗೆದು ರಕ್ತದ ಗುಂಪು ನೋಡಿ. ನೆಗೆಟಿವ್ ಇದ್ದರೆ ಗಂಡನ ಗುಂಪು ಕೇಳಿ, ಐಸಿಟಿ ಆಗಿದೆಯೇ ಕೇಳಿ. ಹೊರಗಿನ ಮೆಡಿಕಲ್‌ನಲ್ಲಿ ಈ ಇಂಜೆಕ್ಷನ್‌ಗೆ ಸಾವಿರಗಟ್ಟಲೆ ರೂಪಾಯಿ ಆಗುತ್ತದೆ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಫ್ರಿಜ್ಜಿನಲ್ಲೇ ಇಟ್ಟಿರಬೇಕು. ಆದ್ದರಿಂದ ಹೆರಿಗೆ ಆಗುವ ಆಸ್ಪತ್ರೆಯಲ್ಲಿ ಸ್ಟಾಕ್ ಇದೆಯೇ, ಉಚಿತವಾಗಿ ಸಿಗುತ್ತದೆಯೇ ಎಂದು ಒಂಬತ್ತನೆಯ ತಿಂಗಳಿಗೆ ಮೊದಲೇ ವಿಚಾರಿಸಿ. ಮಗು ಹುಟ್ಟಿದ ಮೇಲೆ ಅದರ ಗುಂಪು ತಿಳಿಯದೆ ಮನೆಗೆ ಬರಬೇಡಿ. ಬಸಿರು ಉಳಿಯದೇ ಹೋದ ದುಃಖದ ದಿನವೂ ಈ ಮಾತು ಕೇಳಲೇಬೇಕು. 12 ವಾರದೊಳಗಿನ ಗರ್ಭಪಾತಕ್ಕೆ ಎಲ್ಲ ದೇಶಗಳ ಪದ್ಧತಿ ಒಂದೇ ಇಲ್ಲ, ಡಾಕ್ಟರ್ ಹೇಳುತ್ತಾರೆ. ಆದರೆ ಕೇಳುವುದು ನಮ್ಮ ಕೆಲಸ.

ಆಪಾಳ ಮಗನನ್ನು ನೋಡಲು ದೊಡ್ಡ ಖಾಲಾ ಬಂದಿದ್ದರು. ಅಮ್ಮಿ ಅವರಿಗೆ ಎಲ್ಲವನ್ನೂ ವಿವರಿಸಿ ಹೇಳಿದರು. ಖಾಲಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದರು, “ಹಾಗಾದರೆ ಅದು ನನ್ನ ತಪ್ಪಲ್ಲವಾ?” ಅಮ್ಮಿ “ಅಲ್ಲ ಆಪಾ” ಎಂದರು. ಖಾಲಾ ಮತ್ತೊಮ್ಮೆ ಅದನ್ನೇ ಕೇಳಿದರು. ಅಮ್ಮಿ ಮತ್ತೊಮ್ಮೆ ಅದನ್ನೇ ಹೇಳಿದರು.